ಅರ್ಧ ಮುಗಿದ ಅನುವಾದವನ್ನು ಇನ್ನೊಬ್ಬರಿಗೆ ಒಪ್ಪಿಸುವಾಗ ಏನು ಬರೆದುಕೊಡಬೇಕು?

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಅನುವಾದ ಅರ್ಧ ಆಗಿದೆ, ಮುಂದುವರಿಸಲು ಆಗುತ್ತಿಲ್ಲ, ಉಳಿದದ್ದನ್ನು ಬೇರೆಯವರು ಮುಗಿಸುತ್ತಾರೆ. ಫೈಲಿನ ಜೊತೆ ಅವರಿಗೆ ಏನು ಬರೆದುಕೊಡಬೇಕು? ಹೆಚ್ಚಿನವರು ಒಂದು ಪದಪಟ್ಟಿ ಕಳಿಸಿ, ‘ಡೌಟ್ ಬಂದ್ರೆ ಫೋನ್ ಮಾಡಿ’ ಅಂತ ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ. ಡೌಟ್ ಬಂದ ಕಡೆ ಅವರು ಹೇಗೂ ಫೋನ್ ಮಾಡುತ್ತಾರೆ. ತಪ್ಪಾಗುವುದು ಡೌಟೇ ಬರದ ಕಡೆ. ನೀವು ಯೋಚಿಸಿ ಬಿಟ್ಟ ಪದವನ್ನು ಅವರು ಯೋಚಿಸದೆ ಹಾಕಿಬಿಡುತ್ತಾರೆ, ಅಲ್ವಾ? ಆ ಜಾಗಗಳನ್ನು ಮುಂಚೆಯೇ ತೋರಿಸಿಕೊಡುವುದು ಈ ಟಿಪ್ಪಣಿಯ ಕೆಲಸ.

ಮಾತು ಗಾಳಿಯಲ್ಲಿ ಹೋಗಬಾರದು ಅಂತ ನಾನೇ ಒಪ್ಪಿಸಿದ ಒಂದು ಕೆಲಸವನ್ನು ಇಟ್ಟುಕೊಂಡು ಹೇಳುತ್ತೇನೆ. ಅದು ಮೆಕ್ಕೆಜೋಳ ಬೇಸಾಯದ ಕೈಪಿಡಿ. ಮೂಲ ಇಂಗ್ಲಿಷ್, ಒಟ್ಟು ಒಂಬತ್ತು ಅಧ್ಯಾಯ, ಓದುವವರು ರೈತರು. ದಾವಣಗೆರೆಯಲ್ಲಿ ಕೂತು ಐದೂವರೆ ಅಧ್ಯಾಯ ಮಾಡಿದ್ದೆ. ಉಳಿದದ್ದನ್ನು ಚಿತ್ರದುರ್ಗದ ಒಬ್ಬ ಅನುವಾದಕಿಗೆ ಒಪ್ಪಿಸಬೇಕಾಯಿತು. ನಿಮ್ಮ ಕೆಲಸ ಬ್ಯಾಂಕಿನ ಫಾರಂ ಇರಬಹುದು, ಮಿಷಿನ್ನಿನ ಕೈಪಿಡಿ ಇರಬಹುದು. ಹಂತಗಳು ಹೆಚ್ಚುಕಡಿಮೆ ಇವೇ.

ಮೊದಲು ಎದುರಿಗೆ ಇಟ್ಟುಕೊಳ್ಳಬೇಕಾದ್ದು ಇಷ್ಟು: ಮೂಲದ ಫೈಲು, ನಿಮ್ಮ ಅನುವಾದ, ಕೆಲಸ ಕೊಟ್ಟವರ ಜೊತೆ ನಡೆದ ಮೇಲ್ ಮತ್ತು ವಾಟ್ಸ್ಆ್ಯಪ್ ಮಾತುಕತೆ. ಕೊನೆಯದನ್ನು ಮರೆಯಬೇಡಿ. ಅರ್ಧ ತೀರ್ಮಾನಗಳು ಅಲ್ಲೇ ಹುದುಗಿರುತ್ತವೆ.

1. ಎಲ್ಲಿ ನಿಂತಿದೆ ಅಂತ ಬೆರಳಿಟ್ಟು ತೋರಿಸಿ

‘ಐದು ಅಧ್ಯಾಯ ಮುಗಿದಿದೆ’ ಅಂತ ಬರೆದರೆ ಸಾಲದು. ಮುಗಿದಿದೆ ಅನ್ನುವ ಪದಕ್ಕೆ ಮೂರು ಅರ್ಥ ಇದೆ. ಮೊದಲ ಸಲ ಬರೆದಾಗಿದೆ, ನಾನೇ ಮೂಲದ ಜೊತೆ ಹೋಲಿಸಿ ತಿದ್ದಿದ್ದೇನೆ, ವಿಷಯ ಗೊತ್ತಿರುವವರು ಓದಿ ಒಪ್ಪಿದ್ದಾರೆ. ಯಾವ ಅಧ್ಯಾಯ ಯಾವ ಸ್ಥಿತಿಯಲ್ಲಿದೆ ಅಂತ ಬೇರೆ ಬೇರೆ ಬರೆಯಿರಿ. ನನ್ನ ಟಿಪ್ಪಣಿಯಲ್ಲಿ ಹೀಗಿತ್ತು:

> ಮೇಡಂ, 1ರಿಂದ 3ನೇ ಅಧ್ಯಾಯ ಕೃಷಿ ವಿಷಯ ಪರಿಶೀಲಕರು ಓದಿ ಒಪ್ಪಿದ್ದಾರೆ, ಮುಟ್ಟಬೇಡಿ. 4 ಮತ್ತು 5ನ್ನು ನಾನು ತಿದ್ದಿದ್ದೇನೆ, ಅವರು ಇನ್ನೂ ನೋಡಿಲ್ಲ. 6ನೇ ಅಧ್ಯಾಯ ಕೀಟಗಳದ್ದು, ಕಚ್ಚಾ ಕರಡು. ಎರಡನೇ ಕೋಷ್ಟಕದ ಮೂರನೇ ಸಾಲಿಗೆ ನಿಲ್ಲಿಸಿದ್ದೇನೆ. ಆ ಕೋಷ್ಟಕದ ಅಂಕಿಗಳನ್ನು ನಂಬಬೇಡಿ, ಮೂಲ ನೋಡಿ ಮತ್ತೆ ಹಾಕಿ.

‘ನಂಬಬೇಡಿ’ ಅಂತ ಬರೆಯಲು ಮುಜುಗರ ಆಗುತ್ತದೆ, ನಿಜ. ಆದರೆ ಕೆಲಸ ಬಿಡುವ ಹಿಂದಿನ ದಿನ ಅವಸರದಲ್ಲಿ ಮಾಡಿದ ಪುಟಗಳು ಯಾವುವು ಅಂತ ನಿಮಗೆ ಮಾತ್ರ ಗೊತ್ತು.

2. ಪದಪಟ್ಟಿ: ಆರಿಸಿದ ಪದದ ಪಕ್ಕದಲ್ಲಿ ಬಿಟ್ಟ ಪದವನ್ನೂ ಬರೆಯಿರಿ

ಪದಪಟ್ಟಿ ಅಂದರೆ ಮೂಲದ ಒಂದೊಂದು ಮುಖ್ಯ ಪದಕ್ಕೆ ಈ ಪುಸ್ತಕದಲ್ಲಿ ಯಾವ ಕನ್ನಡ ಪದ ಅಂತ ಗೊತ್ತುಮಾಡಿದ ಪಟ್ಟಿ. ಸಾಮಾನ್ಯವಾಗಿ ಎರಡು ಕಾಲಂ ಇರುತ್ತದೆ. ನೀವು ನಾಲ್ಕು ಮಾಡಿ: ಮೂಲ ಪದ, ಆರಿಸಿದ್ದು, ಬಿಟ್ಟಿದ್ದು, ಯಾಕೆ ಅಂತ ಒಂದು ಸಾಲು.

ಬೆಳೆಯ ಹೆಸರನ್ನೇ ನೋಡಿ. ಮೆಕ್ಕೆಜೋಳ, ಗೋವಿನಜೋಳ, ಮುಸುಕಿನಜೋಳ. ಮೂರೂ ಒಂದೇ ಬೆಳೆ, ಒಂದೊಂದು ಕಡೆ ಒಂದೊಂದು ಹೆಸರು. ದಾವಣಗೆರೆ ಜಿಲ್ಲೆಯೇ 1997ರಲ್ಲಿ ಬೇರೆ ಬೇರೆ ಜಿಲ್ಲೆಗಳ ತಾಲ್ಲೂಕುಗಳನ್ನು ಸೇರಿಸಿ ಮಾಡಿದ್ದು. ಜಗಳೂರು, ಹರಿಹರ ಚಿತ್ರದುರ್ಗದಿಂದ ಬಂದವು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು. ಹಾಗಾಗಿ ‘ನಮ್ಮ ಕಡೆ ಹೀಗೇ ಅನ್ನೋದು’ ಅಂತ ವಾದ ಮಾಡಿದರೆ ಮುಗಿಯುವುದಿಲ್ಲ. ನಾನು ಮೆಕ್ಕೆಜೋಳ ಹಿಡಿದೆ. ಮೊದಲ ಅಧ್ಯಾಯದ ಮೊದಲ ಪ್ಯಾರಾದಲ್ಲಿ ಮಾತ್ರ ಮೂರೂ ಹೆಸರು ಹೇಳಿ, ಆಮೇಲೆ ಎಲ್ಲೂ ಬದಲಿಸಲಿಲ್ಲ. ಟಿಪ್ಪಣಿಯಲ್ಲಿ ಇದನ್ನೂ ಬರೆದೆ: ಒಂದೇ ಪದವಾಗಿ ಬರೆಯಬೇಕು, ‘ಮೆಕ್ಕೆ ಜೋಳ’ ಅಂತ ಬಿಡಿಸಬಾರದು. ಬಿಡಿಸಿದರೆ ಆಮೇಲೆ ಹುಡುಕುವಾಗ ಅರ್ಧ ಸಿಗುವುದಿಲ್ಲ.

ಇದು ಸುಲಭದ್ದು. ಕಷ್ಟದ್ದು ಔಷಧಿ. ನಮ್ಮ ರೈತರು ‘ಔಷಧಿ ಹೊಡೆದೆ’ ಅನ್ನುತ್ತಾರೆ, ಅಂಗಡಿಯನ್ನೂ ಔಷಧಿ ಅಂಗಡಿ ಅನ್ನುತ್ತಾರೆ. ಸಹಜವಾದ ಪದ, ಬಾಯಿಗೆ ತಾನಾಗಿ ಬರುತ್ತದೆ. ನಾನೂ ಮೊದಲು ಅದನ್ನೇ ಹಾಕಿದ್ದೆ. ಆದರೆ ಎಂಟನೇ ಅಧ್ಯಾಯ ಸುರಕ್ಷತೆಯದ್ದು. ಡಬ್ಬಿಯ ಮೇಲಿನ ವಿಷದ ಗುರುತು, ಕೈಗವಸು, ಖಾಲಿ ಡಬ್ಬಿಯಲ್ಲಿ ನೀರು ತುಂಬಬಾರದು ಅನ್ನುವ ಮಾತು ಅಲ್ಲಿದೆ. ಏಳು ಅಧ್ಯಾಯ ಔಷಧಿ ಅಂತ ಕರೆದು ಎಂಟನೆಯದರಲ್ಲಿ ‘ಇದು ವಿಷ, ಹುಷಾರು’ ಅಂದರೆ ಆ ಎಚ್ಚರಿಕೆಗೆ ತೂಕ ಎಲ್ಲಿ ಉಳಿಯುತ್ತದೆ? ಅದಕ್ಕೆ ಎಲ್ಲ ಕಡೆ ಕೀಟನಾಶಕ ಅಂತ ಮಾಡಿದೆ. ಈ ಕಾರಣ ಬರೆಯದೇ ಹೋಗಿದ್ದರೆ, ಮುಂದಿನವರು ‘ಕೀಟನಾಶಕ ಪುಸ್ತಕದ ಮಾತಾಯಿತು’ ಅಂತ ಒಳ್ಳೆ ಮನಸ್ಸಿನಿಂದಲೇ ಔಷಧಿ ಅಂತ ತಿದ್ದುತ್ತಿದ್ದರು. ಚೆನ್ನಾಗಿ ಕನ್ನಡ ಬಲ್ಲವರೇ ಈ ತಪ್ಪು ಜಾಸ್ತಿ ಮಾಡುವುದು.

ಮೂಲದಲ್ಲಿ ಎರಡು ಪದ ಇದ್ದು ಕನ್ನಡದಲ್ಲಿ ಒಂದೇ ಆಗಿಬಿಡುವ ಕಡೆಯೂ ಗುರುತು ಹಾಕಿ. ವೆರೈಟಿ, ಹೈಬ್ರಿಡ್ ಎರಡನ್ನೂ ‘ತಳಿ’ ಅಂತ ಬರೆದರೆ ಓದಲು ಏನೂ ತೊಂದರೆ ಕಾಣುವುದಿಲ್ಲ. ಆದರೆ ವೆರೈಟಿಯ ಬೀಜವನ್ನು ರೈತರು ತಮ್ಮ ಬೆಳೆಯಿಂದ ಎತ್ತಿಟ್ಟು ಮುಂದಿನ ಸಲ ಬಿತ್ತಬಹುದು. ಹೈಬ್ರಿಡ್ಡಿನಲ್ಲಿ ಹಾಗೆ ಮಾಡಿದರೆ ಗಿಡಗಳು ಒಂದೊಂದು ಒಂದೊಂದು ಥರ ಬಂದು ಇಳುವರಿ ಬೀಳುತ್ತದೆ, ಪ್ರತಿ ಸಲ ಹೊಸ ಬೀಜ ಕೊಳ್ಳಬೇಕು. ಒಂಬತ್ತನೇ ಅಧ್ಯಾಯದಲ್ಲಿ ಈ ಮಾತು ಬರುತ್ತದೆ. ಅಲ್ಲಿಗೆ ಬರುವ ಹೊತ್ತಿಗೆ ಎರಡೂ ತಳಿ ಆಗಿದ್ದರೆ ವಾಕ್ಯವನ್ನೇ ಬರೆಯಲು ಆಗುವುದಿಲ್ಲ. ಹಾಗಾಗಿ ಒಂದು ತಳಿ, ಇನ್ನೊಂದು ಹೈಬ್ರಿಡ್. ‘ಸಂಕರಣ ತಳಿ’ ಬಿಟ್ಟ ಪದ. ಬೀಜದ ಅಂಗಡಿಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ.

ಇನ್ನು ಪದಕ್ಕೆ ಪದ ಇಟ್ಟರೆ ನಗೆಪಾಟಲಾಗುವ ಹೆಸರುಗಳು. ಫಾಲ್ ಆರ್ಮಿವರ್ಮ್ ಅನ್ನುವ ಹುಳು 2018ರಲ್ಲಿ ನಮ್ಮ ದೇಶದಲ್ಲಿ ಮೊದಲು ಗುರುತಿಗೆ ಬಂದದ್ದು ಕರ್ನಾಟಕದಲ್ಲೇ, ಮೆಕ್ಕೆಜೋಳದ ಮೇಲೆ. ಫಾಲ್ ಅಂದರೆ ಇಲ್ಲಿ ಬೀಳುವುದಲ್ಲ, ಅಮೆರಿಕದವರು ಶರತ್ಕಾಲಕ್ಕೆ ಹೇಳುವ ಪದ. ಅಲ್ಲಿ ಆ ಹೊತ್ತಿಗೆ ಅದರ ಕಾಟ ಕಾಣಿಸಿಕೊಳ್ಳುವುದರಿಂದ ಆ ಹೆಸರು. ನಮ್ಮ ಹೊಲಕ್ಕೆ ಆ ಋತುವಿನ ಲೆಕ್ಕ ಹೊಂದುವುದಿಲ್ಲ. ‘ಫಾಲ್ ಸೈನಿಕ ಹುಳು’ ಅಂತ ಇಟ್ಟೆ. ಬರೀ ‘ಸೈನಿಕ ಹುಳು’ ಅಂದರೆ ನಮ್ಮಲ್ಲಿ ಮೊದಲಿಂದ ಇರುವ ಬೇರೆ ಹುಳಕ್ಕೂ ಅದೇ ಹೆಸರು, ಅದಕ್ಕೇ ಬಿಟ್ಟೆ.

ಈಗಷ್ಟೇ ನಾನೇ ‘ಹುಳು’ ಅಂತಲೂ ‘ಹುಳಕ್ಕೂ’ ಅಂತಲೂ ಬರೆದೆ, ಗಮನಿಸಿದಿರಾ? ಹುಳ, ಹುಳು ಎರಡೂ ಸರಿ. ಆದರೆ ಒಂದರಿಂದ ‘ಹುಳದ’ ಆಗುತ್ತದೆ, ಇನ್ನೊಂದರಿಂದ ‘ಹುಳುವಿನ’. ಇಬ್ಬರು ಮಾಡಿದ ಪುಸ್ತಕ ಅಂತ ಎದ್ದು ಕಾಣುವುದು ಇಂಥ ಕಡೆಯೇ. ಕನ್ನಡದ ಪದಪಟ್ಟಿಯಲ್ಲಿ ಬರೀ ಪದ ಬರೆದರೆ ಸಾಲದು, ಅದಕ್ಕೆ ಪ್ರತ್ಯಯ ಹತ್ತಿದಾಗ ಆಗುವ ಒಂದೆರಡು ರೂಪಗಳನ್ನೂ ಕೊಡಿ: ಹುಳು, ಹುಳುವಿನ, ಹುಳುಗಳು. ಪಟ್ಟಿಯ ಎಲ್ಲ ಪದಕ್ಕೂ ಬೇಡ, ಹೀಗೆ ಎರಡು ದಾರಿ ಇರುವ ಪದಗಳಿಗೆ ಸಾಕು.

3. ನಡುವೆ ಪದ ಬದಲಿಸಿದ್ದರೆ ಒಪ್ಪಿಕೊಳ್ಳಿ

ಮೊದಲೆರಡು ಅಧ್ಯಾಯದಲ್ಲಿ ಒಂದು ಪದ, ಆಮೇಲೆ ಇನ್ನೊಂದು. ಎಲ್ಲರಿಗೂ ಆಗುತ್ತದೆ. ನಾನು ಜೋಳದ ಎಲೆಗೆ ಮೊದಲು ‘ಗರಿ’ ಅಂತ ಬರೆದಿದ್ದೆ. ಪರಿಶೀಲಕರು ‘ಎಲೆ’ ಸಾಕು ಅಂದರು. ಇಂಥದ್ದನ್ನು ಟಿಪ್ಪಣಿಯಲ್ಲಿ ಬರೆಯಿರಿ, ಜೊತೆಗೆ ಒಂದು ಎಚ್ಚರಿಕೆಯನ್ನೂ ಸೇರಿಸಿ: ಹುಡುಕಿ ಬದಲಿಸುವ ಕೆಲಸವನ್ನು ಒಂದೇ ಏಟಿಗೆ ಮಾಡಬೇಡಿ. ‘ಗರಿ’ ಇದ್ದಲ್ಲೆಲ್ಲ ‘ಎಲೆ’ ಹಾಕು ಅಂತ ಕಂಪ್ಯೂಟರಿಗೆ ಹೇಳಿದೆ. ‘ಗರಿಷ್ಠ ಇಳುವರಿ’ ಇದ್ದದ್ದು ‘ಎಲೆಷ್ಠ ಇಳುವರಿ’ ಆಗಿ ಕೂತಿತ್ತು. ಒಂದೊಂದೇ ನೋಡಿ ಬದಲಿಸಿ. ಹೊತ್ತು ಹಿಡಿಯುತ್ತದೆ, ಬೇರೆ ದಾರಿ ಇಲ್ಲ.

4. ಶೈಲಿ: ಓದುಗರನ್ನು ಹೇಗೆ ಮಾತಾಡಿಸುತ್ತಿದ್ದೀರಿ?

ಇದಕ್ಕೆ ಉದ್ದ ಪಟ್ಟಿ ಬೇಡ. ಮುಖ್ಯವಾದದ್ದು ಕ್ರಿಯಾಪದ. ‘ಬಿತ್ತಿ’, ‘ಬಿತ್ತಬೇಕು’, ‘ಬಿತ್ತತಕ್ಕದ್ದು’ ಈ ಮೂರರಲ್ಲಿ ಯಾವುದು ಎಲ್ಲಿ ಅಂತ ಗೊತ್ತುಮಾಡಿಕೊಳ್ಳಿ. ನಾನು ಹಂತ ಹೇಳುವ ಕಡೆ ‘ಬಿತ್ತಿ’, ತಪ್ಪಿದರೆ ಅಪಾಯ ಇರುವ ಕಡೆ ಮಾತ್ರ ‘ಬೇಕು’, ‘ಬಾರದು’ ಅಂತ ಇಟ್ಟುಕೊಂಡಿದ್ದೆ. ಅಂದರೆ ‘ಬೇಕು’ ಅನ್ನುವುದೇ ಒಂದು ಎಚ್ಚರಿಕೆಯ ಗುರುತು. ಇದನ್ನು ಹೇಳದಿದ್ದರೆ ಮುಂದಿನವರು ಎರಡನ್ನೂ ಬೇಕಾದಂತೆ ಬೆರೆಸುತ್ತಾರೆ, ಆ ಗುರುತು ಅಳಿಸಿಹೋಗುತ್ತದೆ.

ಉಳಿದದ್ದು ಒಂದೊಂದು ಸಾಲು ಸಾಕು: ಅಂಕಿ 1, 2, 3 ರೂಪದಲ್ಲಿ, ‘ಶೇ 14’ ಅಂತ ಬರೆಯುವುದು, ಯೂರಿಯಾ, ಡಿಎಪಿ ಕನ್ನಡ ಅಕ್ಷರದಲ್ಲೇ. ಒಂದು ಪುಟ ನೋಡಿದರೆ ಯಾರಿಗೂ ಗೊತ್ತಾಗುವ ಸಂಗತಿಗೆ ಟಿಪ್ಪಣಿಯ ಜಾಗ ಖರ್ಚು ಮಾಡಬೇಡಿ.

5. ಅಳತೆ ಬದಲಿಸಿದ್ದರೆ ಲೆಕ್ಕವನ್ನೇ ಬರೆದುಕೊಡಿ

ಇಲ್ಲಿ ನಿಧಾನವಾಗಿ ಓದಿ. ಅಳತೆ ತಪ್ಪಿದರೆ ನಷ್ಟ ರೈತರಿಗೆ.

ಮೂಲದಲ್ಲಿ ಎಲ್ಲವೂ ಹೆಕ್ಟೇರಿನ ಲೆಕ್ಕ. ನಮ್ಮವರಿಗೆ ಎಕರೆ ಬೇಕು. ಕೆಲಸ ಕೊಟ್ಟವರನ್ನು ಕೇಳಿ, ಅವರು ಒಪ್ಪಿದ ಮೇಲೆ ಎಕರೆಗೆ ತಂದೆ. ಒಂದು ಹೆಕ್ಟೇರಿಗೆ 2.47 ಎಕರೆ. ಲೆಕ್ಕಕ್ಕೆ ಎರಡೂವರೆ ಅಂತ ಹಿಡಿದೆ. ಮೂಲದಲ್ಲಿ ಹೆಕ್ಟೇರಿಗೆ 20 ಕಿಲೊ ಬೀಜ ಅಂದರೆ ನಮ್ಮಲ್ಲಿ ಎಕರೆಗೆ 8 ಕಿಲೊ. ‘2.47 ಹಿಡಿಯಬೇಡಿ, ಎರಡೂವರೆಯೇ ಇರಲಿ’ ಅಂತ ಟಿಪ್ಪಣಿಯಲ್ಲಿ ಬರೆದೆ. ಇಲ್ಲದಿದ್ದರೆ ಒಂದು ಅಧ್ಯಾಯದಲ್ಲಿ 8 ಕಿಲೊ, ಇನ್ನೊಂದರಲ್ಲಿ 8.1 ಕಿಲೊ ಬರುತ್ತದೆ.

ಎಲ್ಲ ಅಂಕಿಯನ್ನೂ ಎರಡೂವರೆಯಿಂದ ಭಾಗಿಸುವಂತಿಲ್ಲ. ಜಾಗದ ಮೇಲೆ ನಿಂತ ಅಂಕಿ ಮಾತ್ರ ಬದಲಾಗುತ್ತದೆ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಅನ್ನುವುದು ಎಕರೆಗೂ ಅಷ್ಟೇ, ಹೆಕ್ಟೇರಿಗೂ ಅಷ್ಟೇ. ಇದು ಯಾರಿಗೂ ಗೊತ್ತಾಗುತ್ತದೆ. ಕಣ್ಣು ತಪ್ಪಿಸುವುದು ಕೀಟನಾಶಕದ ಪ್ರಮಾಣ. ಫಾಲ್ ಸೈನಿಕ ಹುಳುವಿಗೆ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಲೀಟರ್ ನೀರಿಗೆ 0.4 ಗ್ರಾಂ ಅಂತ ಮೂಲದಲ್ಲಿದೆ. ಅದೇ ಸಾಲಿನ ಪಕ್ಕದ ಕಾಲಂನಲ್ಲಿ ಹೆಕ್ಟೇರಿಗೆ 500 ಲೀಟರ್ ನೀರು ಅಂತಲೂ ಇದೆ. ನೀರು 500 ಇದ್ದದ್ದು ಎಕರೆಗೆ 200 ಲೀಟರ್ ಆಗಬೇಕು, ಸರಿ. 0.4 ಗ್ರಾಂ ಹಾಗೇ ಉಳಿಯಬೇಕು. ಅದು ಲೀಟರಿನ ಲೆಕ್ಕ, ಜಾಗದ್ದಲ್ಲ. ಕೈ ಓಡುವ ಭರದಲ್ಲಿ ಅದನ್ನೂ ಭಾಗಿಸಿದರೆ 0.16 ಗ್ರಾಂ ಆಗುತ್ತದೆ, ಅರ್ಧಕ್ಕಿಂತ ಕಡಿಮೆ. ಹುಳು ಸಾಯುವುದಿಲ್ಲ, ದುಡ್ಡು ಹೋಗುತ್ತದೆ.

ತಪ್ಪಿದೆಯೋ ಇಲ್ಲವೋ ಅಂತ ನೋಡಲು ಟಿಪ್ಪಣಿಯಲ್ಲಿ ಒಂದು ತಾಳೆ ಕೊಟ್ಟಿದ್ದೆ: ಎಕರೆಗೆ 200 ಲೀಟರ್, ಲೀಟರಿಗೆ 0.4 ಗ್ರಾಂ, ಒಟ್ಟು 80 ಗ್ರಾಂ. ಹೆಕ್ಟೇರಿಗೆ 500 ಲೀಟರ್, ಒಟ್ಟು 200 ಗ್ರಾಂ. ಇನ್ನೂರನ್ನು ಎರಡೂವರೆಯಿಂದ ಭಾಗಿಸಿದರೆ ಎಂಬತ್ತು. ಎರಡು ಕಡೆಯಿಂದಲೂ ಒಂದೇ ಉತ್ತರ ಬಂದರೆ ಸಾಲು ಸರಿ ಇದೆ.

ಇನ್ನೊಂದು ಹಳ್ಳ ಸಾರಜನಕದ್ದು. ಮೂಲದಲ್ಲಿ ಒಂದು ಮೇಲುಗೊಬ್ಬರಕ್ಕೆ ಹೆಕ್ಟೇರಿಗೆ 50 ಕಿಲೊ ಸಾರಜನಕ ಅಂತ ಇತ್ತು. (ಮೇಲುಗೊಬ್ಬರ ಅಂದರೆ ಬಿತ್ತನೆ ಆದ ಮೇಲೆ, ಬೆಳೆ ನಿಂತಿರುವಾಗ ಕೊಡುವ ಗೊಬ್ಬರ.) ಎಕರೆಗೆ 20 ಕಿಲೊ. ರೈತರಿಗೆ ಸಾರಜನಕ ಅಂದರೆ ಯಾವ ಚೀಲ ಅಂತ ಗೊತ್ತಾಗಲಿ ಅಂತ ಸುಮ್ನೆ ‘ಯೂರಿಯಾ 20 ಕಿಲೊ’ ಅಂತ ಬರೆದುಬಿಡುವವರಿದ್ದಾರೆ. ಯೂರಿಯಾದಲ್ಲಿ ಸಾರಜನಕ ಇರುವುದು ಶೇ 46. 20 ಕಿಲೊ ಸಾರಜನಕಕ್ಕೆ ಸುಮಾರು 43.5 ಕಿಲೊ ಯೂರಿಯಾ ಬೇಕು, ಹೆಚ್ಚುಕಡಿಮೆ 45 ಕಿಲೊದ ಒಂದು ಚೀಲ. ‘ಎಕರೆಗೆ ಸಾರಜನಕ 20 ಕಿಲೊ, ಅಂದರೆ ಯೂರಿಯಾ ಸುಮಾರು ಒಂದು ಚೀಲ’ ಅಂತ ಎರಡನ್ನೂ ಬರೆಯಲು ಅನುಮತಿ ಪಡೆದೆ. ಅನುಮತಿ ಯಾರು ಕೊಟ್ಟರು, ಯಾವ ಮೇಲ್‌ನಲ್ಲಿ ಅಂತ ಟಿಪ್ಪಣಿಯಲ್ಲಿ ಇರಲಿ. ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದ್ದೀರಿ, ನಾಳೆ ಪ್ರಶ್ನೆ ಬರುವುದು ಕೆಲಸ ಮುಗಿಸಿದವರಿಗೆ.

6. ಉತ್ತರ ಸಿಗದ ಪ್ರಶ್ನೆಗಳು

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಉತ್ತರ ಸಿಕ್ಕಿಲ್ಲ, ಸದ್ಯಕ್ಕೆ ಅಂತ ಒಂದು ಪದ ಹಾಕಿರುತ್ತಾರೆ, ಅದು ಸದ್ಯದ್ದು ಅಂತ ಎಲ್ಲೂ ಗುರುತಿರುವುದಿಲ್ಲ. ಓದುವವರಿಗೆ ಅದೂ ತೀರ್ಮಾನದ ಹಾಗೇ ಕಾಣುತ್ತದೆ. ಹಾಗಾಗಿ ಅನುವಾದದ ಒಳಗೇ ಒಂದು ಗುರುತು ಹಾಕಿ. ನಾನು ಹೀಗೆ ಹಾಕುತ್ತೇನೆ:

```
[[ಪ್ರಶ್ನೆ-3]]
```

ಎರಡು ಚೌಕ ಕಂಸ ಬೇರೆಲ್ಲೂ ಬರುವುದಿಲ್ಲ, ಹುಡುಕಲು ಸುಲಭ. ಅದೇ ಸಂಖ್ಯೆಯಲ್ಲಿ ಟಿಪ್ಪಣಿಯಲ್ಲಿ ನಾಲ್ಕು ಮಾತು ಇರಬೇಕು: ಎಲ್ಲಿದೆ, ಏನು ಗೊಂದಲ, ಸದ್ಯಕ್ಕೆ ಏನು ಹಾಕಿದೆ, ಯಾರನ್ನು ಯಾವಾಗ ಕೇಳಿದೆ. ನನ್ನ ಟಿಪ್ಪಣಿಯಿಂದ ಮೂರು ಕೊಡುತ್ತೇನೆ.

> ಪ್ರಶ್ನೆ 1. ಅಧ್ಯಾಯ 5, ತೆನೆಯ ತುದಿಯಲ್ಲಿ ಬರುವ ಎಳೆಗಳು. ಇಂಗ್ಲಿಷಿನಲ್ಲಿ ಸಿಲ್ಕ್ ಅಂತಾರೆ. ‘ರೇಷ್ಮೆ’ ಖಂಡಿತ ಬೇಡ, ನಮ್ಮ ಕಡೆ ರೇಷ್ಮೆ ಬೆಳೆಯುವವರೂ ಇದನ್ನು ಓದುತ್ತಾರೆ. ಸದ್ಯಕ್ಕೆ ‘ತೆನೆಯ ಕೂದಲು’. ನಿಮ್ಮ ಕಡೆ ರೈತರು ಏನನ್ನುತ್ತಾರೆ ಕೇಳಿ ನೋಡಿ, ಮೇಡಂ. ಇದನ್ನು ನೀವೇ ತೀರ್ಮಾನಿಸಬಹುದು.

> ಪ್ರಶ್ನೆ 2. ಅಧ್ಯಾಯ 6, ಹುಳುವಿನ ಗುರುತು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರ, ಹಿಂಭಾಗದಲ್ಲಿ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ. ಇಂಗ್ಲಿಷ್ ಓದಲು ಬಾರದವರಿಗೆ ವೈ ಹೇಗೆ? ಸದ್ಯಕ್ಕೆ ‘ತಲೆಕೆಳಗಾಗಿ ಹಿಡಿದ ಕವಲು ಕಡ್ಡಿಯಂಥ ಗೆರೆ’. ಪಕ್ಕದಲ್ಲಿ ಚಿತ್ರ ಇರುತ್ತದೆಯೇ ಅಂತ ಕೆಲಸ ಕೊಟ್ಟವರನ್ನು ಕೇಳಿದ್ದೇನೆ, ಉತ್ತರ ಬಂದಿಲ್ಲ.

> ಪ್ರಶ್ನೆ 3. ಅಧ್ಯಾಯ 7ರಲ್ಲಿ ಕಾಳಿನ ತೇವಾಂಶ ಶೇ 14 ಇರಲಿ ಅಂತಿದೆ, ಅಧ್ಯಾಯ 9ರಲ್ಲಿ ಶೇ 12. ಒಂದು ಮಾರುವಾಗಿನ ಮಾತು, ಇನ್ನೊಂದು ಕೂಡಿಡುವಾಗಿನದು ಅಂತ ನನ್ನ ಊಹೆ. ಮೂಲ ಬರೆದವರೇ ಹೇಳಬೇಕು. ನೀವು ಒಂದಕ್ಕೊಂದು ಹೊಂದಿಸಬೇಡಿ.

ಮೂರನೆಯದನ್ನು ಗಮನಿಸಿ. ಎರಡು ಕಡೆ ಎರಡು ಅಂಕಿ ಕಂಡರೆ ಅನುವಾದಕರ ಕೈ ತುರಿಸುತ್ತದೆ, ಸರಿಮಾಡಿಬಿಡೋಣ ಅಂತ. ಇಲ್ಲಿ ಎರಡೂ ಸರಿಯೇ ಇರುವ ಸಾಧ್ಯತೆ ಜಾಸ್ತಿ. ಎಪಿಎಂಸಿಗೆ ತರುವ ಕಾಳು ಶೇ 14ಕ್ಕೆ ಬಂದರೆ ನಡೆಯುತ್ತದೆ, ತಿಂಗಳುಗಟ್ಟಲೆ ಇಡಬೇಕಾದರೆ ಬೂಷ್ಟು ಹಿಡಿಯದಿರಲು ಇನ್ನೂ ಒಣಗಿಸಬೇಕು. ಒಂದೇ ಮಾಡಿದ್ದರೆ ಒಂದು ಅಧ್ಯಾಯ ಕೆಡುತ್ತಿತ್ತು.

ಪ್ರತಿ ಪ್ರಶ್ನೆಯ ಕೊನೆಗೆ ‘ನೀವೇ ತೀರ್ಮಾನಿಸಬಹುದು’ ಅಥವಾ ‘ಅವರನ್ನು ಕೇಳಲೇಬೇಕು’ ಅಂತ ಹೇಳಿಬಿಡಿ. ಇಲ್ಲದಿದ್ದರೆ ಪಾಪ, ಅವರು ಕೂದಲಿಗೂ ಮೇಲ್ ಬರೆದು ಕಾಯುತ್ತಾ ಕೂರುತ್ತಾರೆ.

7. ಫೈಲು ಮತ್ತು ಫಾಂಟು

ಚಿಕ್ಕದು, ಆದರೆ ಮರೆತರೆ ಎರಡು ದಿನ ಹಾಳು. ನಿಮ್ಮ ಫೈಲು ಯೂನಿಕೋಡ್‌ನಲ್ಲಿದೆಯೋ ಹಳೆ ನುಡಿ ಫಾಂಟಿನಲ್ಲಿದೆಯೋ ಬರೆಯಿರಿ. ಹಳೆ ನುಡಿ ಫೈಲು ಪರದೆಯ ಮೇಲೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದರಲ್ಲಿ ಯೂನಿಕೋಡ್‌ನ ‘ಮೆಕ್ಕೆಜೋಳ’ ಹುಡುಕಿದರೆ ಸಿಗುವುದಿಲ್ಲ, ‘ಇಲ್ಲ’ ಅಂದುಕೊಂಡು ಮುಂದೆ ಹೋಗುತ್ತಾರೆ. ಯೂನಿಕೋಡ್‌ಗೆ ಬದಲಿಸಿ ಕೊಟ್ಟಿದ್ದರೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ ಅಂತ ಒಂದು ಸಾಲು ಸೇರಿಸಿ. ಕೊನೆಯ ಪ್ರತಿಯನ್ನು ಮಾತ್ರ ಕಳಿಸಿ. ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಇದೇ’ ಅಂತ ಮೂರು ಫೈಲು ಕಳಿಸುವವರನ್ನು ನಾನು ಬಲ್ಲೆ. ಅದರಲ್ಲಿ ಒಬ್ಬ ನಾನೇ.

8. ಕೊಟ್ಟ ಮೇಲೆ ಒಂದು ಪರೀಕ್ಷೆ

ಟಿಪ್ಪಣಿ ಮೂರು ನಾಲ್ಕು ಪುಟ ದಾಟದಿರಲಿ. ಪದಪಟ್ಟಿ ಬೇರೆ ಹಾಳೆಯಲ್ಲಿ ಇದ್ದರೆ ಸಾಕು. ಕಳಿಸಿದ ಮೇಲೆ, ತೆಗೆದುಕೊಂಡವರಿಗೆ ನೀವು ನಿಲ್ಲಿಸಿದ ಜಾಗದಿಂದ ಅರ್ಧ ಪುಟ ಮಾಡಲು ಹೇಳಿ. ನಿಮ್ಮನ್ನು ಕೇಳದೆ, ಟಿಪ್ಪಣಿ ಮಾತ್ರ ನೋಡಿಕೊಂಡು. ಆ ಅರ್ಧ ಪುಟವನ್ನು ನಿಮ್ಮ ಹಿಂದಿನ ಪುಟದ ಪಕ್ಕ ಇಟ್ಟು ಓದಿ. ಚಿತ್ರದುರ್ಗದ ಮೇಡಂ ಕಳಿಸಿದ ಅರ್ಧ ಪುಟದಲ್ಲಿ ಲೆಕ್ಕ ಎಲ್ಲ ಸರಿಯಿತ್ತು, ಹುಳುವಿನ ರೂಪವೂ ಸರಿಯಿತ್ತು. ಆದರೆ ಕೀಟನಾಶಕವನ್ನು ಎಲ್ಲಿಗೆ ಸಿಂಪಡಿಸಬೇಕು ಅನ್ನುವ ಕಡೆ ‘ಎಲೆಗಳ ಸುತ್ತು’ ಅಂತ ಹಾಕಿದ್ದರು. ನಾನು ಹಿಂದಿನ ಅಧ್ಯಾಯಗಳಲ್ಲೆಲ್ಲ ಬಳಸಿದ್ದ ಪದ ‘ಸುಳಿ’. ಹುಳು ಕೂರುವುದೇ ಅಲ್ಲಿ, ಆ ಅಧ್ಯಾಯದಲ್ಲಿ ಸಾಲಿಗೊಂದು ಸಲ ಬರುವ ಪದ. ನನಗೆ ಅಷ್ಟು ರೂಢಿಯಾಗಿತ್ತೆಂದರೆ ಪಟ್ಟಿಗೆ ಸೇರಿಸಲೇ ಇಲ್ಲ. ಅವತ್ತೇ ಸೇರಿಸಿ ಹೊಸ ಪಟ್ಟಿ ಕಳಿಸಿದೆ, ಹಳೆಯದನ್ನು ಅಳಿಸಲು ಹೇಳಿದೆ.